ಹುಳು ಕೊರೆದ ತೂತು

ಉಡುಪಿ ಕಡೆ ಹಳೆ ಮರದ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಮಾಮನ ಹತ್ತಿರ ರಜೆಯಲ್ಲಿ ಪಾಲಿಶ್ ಕೆಲಸಕ್ಕೆ ಹೋಗುತ್ತೇನೆ. ತುಳುನಾಡಿನ ದೈವಗಳ ಮರದ ಮೂರ್ತಿಗಳಿಗೆ ಅಲ್ಲಿ ಉರು ಎನ್ನುತ್ತಾರೆ. ಹಂದಿ ಮುಖದ ಪಂಜುರ್ಲಿಯ ಉರುವೊಂದನ್ನು ಒಬ್ಬರು ಮಾರಲು ತಂದಾಗ, ಹಳೆಯದೋ ಹಳೆಯದರಂತೆ ಮಾಡಿದ್ದೋ ಎಂದು ನೋಡುವುದನ್ನು ಮಾಮ ನನಗೆ ಕಲಿಸಿದರು.

ಮೊದಲು ಹುಳುವಿನ ತೂತು. ಮರದೊಳಗೆ ಬೆಳೆದ ಹುಳು ಹೊರಬರುವಾಗ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು ಮಾಡುತ್ತದೆ. ಅದರ ಸುರಂಗ ಒಳಗೇ ಇರುತ್ತದೆ. ಆದರೆ ಹುಳು ತಿಂದ ಹಳೆ ತೊಲೆಯನ್ನು ತಂದು ಈಗ ಕೆತ್ತಿದರೆ ಉಳಿ ಆ ಸುರಂಗವನ್ನೇ ಸೀಳುತ್ತದೆ. ಆಗ ಮೇಲ್ಮೈಯಲ್ಲಿ ಉದ್ದುದ್ದ ಗೀರುಗಳು ಕಾಣುತ್ತವೆ. ಮುರಿದ ಜಾಗದಲ್ಲಿ ಒಂದೆರಡು ಗೀರು ಇದ್ದರೆ ತಪ್ಪಲ್ಲ, ಕೆತ್ತಿದ ಕೆನ್ನೆಯ ಮೇಲೆಲ್ಲ ಇದ್ದರೆ ಸಂಶಯಪಡಬೇಕು. ಇಂಥ ಮರವನ್ನು ಪ್ರಯೋಗಾಲಯಕ್ಕೆ ಕಳಿಸಿದರೂ ಕಾರ್ಬನ್ ಪರೀಕ್ಷೆ ಹೇಳುವುದು ಮರದ ವಯಸ್ಸನ್ನು, ಕೆತ್ತನೆಯ ವಯಸ್ಸನ್ನಲ್ಲ. ಇದು ನಮ್ಮ ಕೆಮಿಸ್ಟ್ರಿ ಪುಸ್ತಕದಲ್ಲಿ ಇರಬೇಕಿತ್ತು!

ಈ ಪಂಜುರ್ಲಿಯ ಮೇಲೆ ಇದ್ದದ್ದು ದುಂಡನೆಯ ತೂತುಗಳೇ. ಕಿವಿಯ ಹತ್ತಿರ ಬಣ್ಣ ಎದ್ದಿತ್ತು. ಕೆಂಪಿನ ಕೆಳಗೆ ಹಳದಿ, ಅದರ ಕೆಳಗೆ ಮತ್ತೆ ಕೆಂಪು. ಹೊಸ ಬಣ್ಣವೆಂದರೆ ಮೋಸ ಎಂದು ನಾನು ತಿಳಿದಿದ್ದೆ. ಮಾಮ ಹೇಳಿದರು, "ಪೂಜೆಯಲ್ಲಿರುವ ಉರುವಿಗೆ ಬಣ್ಣ ಬಳಿಯುತ್ತಲೇ ಇರುತ್ತಾರೆ. ಅದು ಸೇವೆ. ಅದನ್ನು ಕೆರೆದು ಮರ ತೋರಿಸುವವರು ಅಂಗಡಿಯವರು."

ಭಕ್ತರ ಲೆಕ್ಕವೇ ಬೇರೆ. ಬಾರ್ಕೂರಿನ ಹತ್ತಿರದ ಮೆಕ್ಕೆಕಟ್ಟಿನಲ್ಲಿ ಹಳೆಯ ಉರುಗಳ ಜಾಗದಲ್ಲಿ ಹೊಸದನ್ನು ಕೆತ್ತಿಸಿ ಇಟ್ಟಿದ್ದಾರೆ. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಸಂಗ್ರಹಕಾರನಿಗೆ ದೆಹಲಿಯಲ್ಲಿರುವುದು ಅಸಲಿ. ಮೆಕ್ಕೆಕಟ್ಟಿಗೆ ಹರಕೆ ಹೊತ್ತು ಬರುವವರಿಗೆ ಊರಲ್ಲಿರುವುದು ಅಸಲಿ. ಇಬ್ಬರದ್ದೂ ಸರಿ ಎಂದೇ ನನಗೆ ಅನಿಸುತ್ತದೆ.

ನಮ್ಮ ಮುಂದಿದ್ದದ್ದು ನಕಲಿ ಆಗಿದ್ದರೆ ಮಾಮ ಅಲಂಕಾರದ ಸಾಮಾನು ಎಂದು ಕೊಳ್ಳುತ್ತಿದ್ದರೋ ಏನೋ. ಅಸಲಿ ಎಂದು ಗೊತ್ತಾದ ಮೇಲೆ ತೊಂದರೆ ಶುರುವಾಯಿತು. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಮರದ ಶಿಲ್ಪ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ವಿದೇಶಕ್ಕೆ ಸಾಗಿಸುವಂತಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ, ಇದು ಯಾವ ಗುಡಿಯದ್ದು? ಹೊಸದನ್ನು ಪ್ರತಿಷ್ಠೆ ಮಾಡಿ ಹಳೆಯದನ್ನು ಕ್ರಮಪ್ರಕಾರ ಬಿಟ್ಟುಕೊಟ್ಟಿದ್ದೋ, ರಾತ್ರಿ ಬೀಗ ಒಡೆದು ತಂದದ್ದೋ? ಇದನ್ನು ತೂತು ನೋಡಿ ಹೇಳಲಾಗುವುದಿಲ್ಲ.

"ನಿಮ್ಮ ಗುಡಿಯವರನ್ನು ಯಾರನ್ನಾದರೂ ಕರೆದುಕೊಂಡು ಬನ್ನಿ" ಎಂದರು ಮಾಮ. ಆ ಮನುಷ್ಯ ಉರುವನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟ. ಮಾಮ ಬೈಕಿನ ನಂಬರ್ ಬರೆದುಕೊಂಡು, ಅಂಗಡಿಯ ಬಾಗಿಲು ಎಳೆದು ಠಾಣೆಗೆ ಹೋದರು.