ಹತ್ತು ನಂಬರ್ ಬೋಲ್ಟ್

ಬೆಳಿಗ್ಗೆ ಎಂಟೂ ಮುಕ್ಕಾಲು. ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಲ್ಲಿ ಇಳಿದು, ತುಮಕೂರು ರಸ್ತೆಯ ಲಾರಿಗಳನ್ನು ತಪ್ಪಿಸಿಕೊಂಡು ಒಳಗಿನ ರಸ್ತೆಗೆ ಬಂದಿದ್ದೀರಿ. ಶೆಡ್ಡುಗಳ ಷಟರ್‌ಗಳು ಒಂದೊಂದಾಗಿ ಮೇಲೇಳುತ್ತಿವೆ. ಕೂಲೆಂಟ್ ವಾಸನೆ ಆಗಲೇ ಗಾಳಿಯಲ್ಲಿದೆ, ಎಲ್ಲೋ ಒಂದು ಲೇತ್ ಶುರುವಾಗಿದೆ. ಮೂಲೆಯಲ್ಲಿ ಬೋಲ್ಟು-ನಟ್ಟಿನ ಅಂಗಡಿ. ಮೂರು ಮೆಟ್ಟಿಲು ಹತ್ತಿ ಕೌಂಟರಿನ ಒಳಗಡೆಗೇ ಬನ್ನಿ.

ನೆಲದಿಂದ ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಮಾರ್ಕರಿನಲ್ಲಿ ಬರೆದ ಅಳತೆ. ಕೌಂಟರಿನಲ್ಲಿ ಕೂತ ಮೇಡಂ ಎದುರು ಎರಡು ಕಿಟಕಿ ತೆರೆದಿವೆ: ಒಂದರಲ್ಲಿ ಟ್ಯಾಲಿ, ಇನ್ನೊಂದರಲ್ಲಿ ವಾಟ್ಸಾಪ್. ಮೊಬೈಲ್ ಒಮ್ಮೆ ಗುಂಯ್‌ಗುಟ್ಟುತ್ತದೆ. ಎರಡು ರಸ್ತೆ ಆಚೆ ಫಿಕ್ಸ್ಚರ್ ಮಾಡುವ ಒಂದು ಯೂನಿಟ್, ಏಳೆಂಟು ವರ್ಷದ ಖಾಯಂ ಗಿರಾಕಿ. ಮೆಸೇಜು ಹೀಗಿದೆ:

```
anna
m8 25 alen 2 box
10 no bolt 1.5 inch 100
csk 6x20 ss 50
washer same
```

ಮೇಡಂ ಇರುವ ಕೌಂಟರಿಗೂ ಸಂಬೋಧನೆ `anna` ಅಂತಲೇ. ಬರೆದವರು ಮೆಷಿನ್ ಪಕ್ಕದಲ್ಲಿ ನಿಂತು, ಎಣ್ಣೆ ಹತ್ತಿದ ಹೆಬ್ಬೆರಳಲ್ಲಿ ಒತ್ತಿದ್ದಾರೆ. ಆ್ಯಪ್ ತೆರೆದು, ಪಟ್ಟಿಯಲ್ಲಿ ಹುಡುಕಿ, ಬುಟ್ಟಿಗೆ ಹಾಕಿ ಎಂದರೆ ಅವರು ಪಕ್ಕದ ಅಂಗಡಿಗೆ ಫೋನ್ ಮಾಡುತ್ತಾರೆ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ 500 ವಸ್ತು ಇಡಬಹುದು. ಇಲ್ಲಿನ ಸ್ಟಾಕ್ ಪಟ್ಟಿ ನಾಲ್ಕು ಸಾವಿರ ದಾಟಿದೆ. ಹಾಗಾಗಿ ಗಿರಾಕಿಯ ಮಾತನ್ನು ಅಂಗಡಿಯೇ ತನ್ನ ಪಟ್ಟಿಗೆ ಹೊಂದಿಸಿಕೊಳ್ಳಬೇಕು. ಆ ಕೆಲಸಕ್ಕೆ ನಾವು ಬರೆದ ಪ್ರೋಗ್ರಾಂ ಮೂರನೆಯ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಮೇಡಂ ಕುರ್ಚಿ ಸ್ವಲ್ಪ ಸರಿಸಿ ನಿಮಗೂ ಕಾಣುವಂತೆ ಮಾಡುತ್ತಾರೆ.

ಮೊದಲ ಸಾಲು ನೋಡಿ. `alen` ಎಂಬ ಪದ ನಮ್ಮ ಪಟ್ಟಿಯಲ್ಲಿ ಇಲ್ಲ, `allen` ಇದೆ. ಎರಡು ಪದಗಳ ನಡುವೆ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವ ಲೆಕ್ಕವನ್ನು ಲೆವೆನ್‌ಸ್ಟೈನ್ ಎಂಬ ರಷ್ಯದ ಗಣಿತಜ್ಞ 1965ರಲ್ಲಿ ಕೊಟ್ಟರು. ಇಲ್ಲಿ ಒಂದೇ ಅಕ್ಷರದ ದೂರ. ಆದ್ದರಿಂದ ಇದು ಅಲೆನ್ ಬೋಲ್ಟೇ.

ಈಗ ಅದೇ ಲೆಕ್ಕವನ್ನು ಅಂಕಿಗೆ ಹಾಕಿ. `M8x25`ಕ್ಕೂ `M8x35`ಕ್ಕೂ ಎಷ್ಟು ದೂರ? ಅಲ್ಲೂ ಒಂದೇ. ಕಂಪ್ಯೂಟರಿಗೆ ಎರಡೂ ಒಂದೇ ಬಗೆಯ ಕೈತಪ್ಪು. ಆದರೆ ಒಂದು ಬರೀ ಕಾಗುಣಿತ, ಇನ್ನೊಂದು ಬೇರೆಯೇ ಮಾಲು.

ನಮಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ಮೊದಲ ತಿಂಗಳು ಇಡೀ ಸಾಲನ್ನು ಒಟ್ಟಿಗೆ ಹೋಲಿಸಿ, ಪಟ್ಟಿಯಲ್ಲಿ ಯಾವುದು ಹತ್ತಿರವೋ ಅದನ್ನು ಆರಿಸುತ್ತಿದ್ದೆವು. ಒಂದು ದಿನ 25ರ ಉದ್ದದ್ದು ಸ್ಟಾಕಿನಲ್ಲಿ ಮುಗಿದಿತ್ತು, ಪ್ರೋಗ್ರಾಂ ಅದನ್ನು ಬಿಟ್ಟು ಮುಂದಿನ ಹತ್ತಿರದ್ದನ್ನು ಹಿಡಿಯಿತು. ಒಂದು ಯೂನಿಟ್ಟಿಗೆ 35ರ ಬೋಲ್ಟು ಹೋಯಿತು. ಅಲ್ಲಿ ಅದು ಹೋಗಬೇಕಿದ್ದದ್ದು ತಳ ಮುಚ್ಚಿದ ತೂತಿಗೆ. ಬೋಲ್ಟಿನ ತುದಿ ತಳಕ್ಕೆ ತಾಗಿ ನಿಂತಿತು, ತಲೆ ಪ್ಲೇಟಿನಿಂದ ಮೇಲೆಯೇ ಉಳಿಯಿತು. ಅರ್ಧ ದಿನದ ಜೋಡಣೆ ನಿಂತುಹೋಯಿತು. ಆ ಯೂನಿಟ್ಟಿನವರು ಬೈಯಲಿಲ್ಲ, ಪೆಟ್ಟಿಗೆಯನ್ನು ತಂದು ಕೌಂಟರ್ ಮೇಲೆ ಇಟ್ಟು ಹೋದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಆಮೇಲೆ ಸಾಲನ್ನು ಮೊದಲೇ ಬಿಡಿಸುವ ಕ್ರಮ ಬಂತು. ತಲೆ ಯಾವ ಬಗೆ, ದಪ್ಪ ಎಷ್ಟು, ಉದ್ದ ಎಷ್ಟು, ಲೋಹ ಯಾವುದು, ಗ್ರೇಡ್ ಎಷ್ಟು, ಎಷ್ಟು ಬೇಕು ಎಂದು ಬೇರೆ ಬೇರೆ ಮನೆಗೆ ಹಾಕುತ್ತೇವೆ. ಪದಗಳ ಮನೆಯಲ್ಲಿ ಅಕ್ಷರ ಒಂದೆರಡು ಆಚೀಚೆ ಆದರೂ ಒಪ್ಪುತ್ತೇವೆ. ಅಂಕಿಯ ಮನೆಯಲ್ಲಿ ಕೂದಲೆಳೆಯಷ್ಟೂ ಬಿಡುವುದಿಲ್ಲ. ಅಂಕಿ ಕೂಡದಿದ್ದರೆ ಪಟ್ಟಿಯಲ್ಲಿ ಇಲ್ಲ ಎಂದೇ ಹೇಳಬೇಕು, ಸ್ಟಾಕ್ ಮುಗಿದಿದ್ದರೆ ಮುಗಿದಿದೆ ಎಂದು ಹೇಳಬೇಕು.

`m8 25`ರಲ್ಲಿ 25 ಉದ್ದವೋ ಎಣಿಕೆಯೋ? ಎಣಿಕೆ `2 box` ಎಂದು ಬೇರೆ ಬಂದಿದೆ, ಆದ್ದರಿಂದ ಉದ್ದ. ಬಾಕ್ಸ್ ಎಂದರೆ ಎಷ್ಟು ಎಂಬುದು ಬೋಲ್ಟಿನ ಗಾತ್ರ ನೋಡಿಕೊಂಡು ಬದಲಾಗುತ್ತದೆ. ಈ ಅಂಗಡಿಯಲ್ಲಿ ಈ ಅಳತೆಗೆ 200ರ ಪೆಟ್ಟಿಗೆ, ಹಾಗಾಗಿ 400. ಗ್ರೇಡನ್ನು ಅವರು ಬರೆದಿಲ್ಲ. ಇಂಥ ಕಡೆ ಹಳೆಯ ಆರ್ಡರುಗಳನ್ನು ನೋಡುತ್ತೇವೆ: ಈ ಯೂನಿಟ್ ಇಲ್ಲಿಯವರೆಗೆ ಅಲೆನ್ ಕೊಂಡದ್ದೆಲ್ಲ 12.9ರ ಕಪ್ಪು ಬೋಲ್ಟೇ. ಅವರು ಬಿಟ್ಟ ಜಾಗವನ್ನು ಹಳೆಯ ಲೆಕ್ಕದಿಂದ ತುಂಬಬಹುದು. ಅವರು ಬರೆದದ್ದನ್ನು ಹಳೆಯ ಲೆಕ್ಕ ನೋಡಿ ತಿದ್ದಬಾರದು.

ಮೂರನೆಯ ಸಾಲನ್ನು ಬೇಗ ನೋಡಿಬಿಡೋಣ. ಸಿಎಸ್‌ಕೆ ಎಂದರೆ ತಲೆ ಮಟ್ಟವಾಗಿ ಒಳಗೆ ಕೂರುವ ಸ್ಕ್ರೂ. ಅದರ ಉದ್ದವನ್ನು ತಲೆಯನ್ನೂ ಸೇರಿಸಿ ಅಳೆಯುತ್ತಾರೆ. `6x20` ಎಂದರೆ ಎಂ6 ಆಗಬಹುದು, ಬಡಗಿಗಳು ಕೇಳುವ 6 ನಂಬರ್ ಸ್ಕ್ರೂ ಕೂಡ ಆಗಬಹುದು. ಅದು ಬರೀ ಮೂರೂವರೆ ಮಿಲಿಮೀಟರ್ ದಪ್ಪ. ಆದರೆ ನಮ್ಮ ಪಟ್ಟಿಯಲ್ಲಿ 6 ನಂಬರಿನದು 19ರ ಉದ್ದದಲ್ಲಿದೆ, 20ರಲ್ಲಿ ಇಲ್ಲ. ಅಂಕಿಗೆ ಬಿಗಿಯಾಗಿರುವುದು ಇಲ್ಲಿ ನಮ್ಮನ್ನು ಕಾಪಾಡುತ್ತದೆ.

ಪರದೆಯಲ್ಲಿ ಈಗ ಇಷ್ಟು ಮೂಡಿದೆ:

```
m8 25 alen 2 box        -> ALN-M8x25-12.9-BLK   400
csk 6x20 ss 50          -> CSK-M6x20-SS304       50
10 no bolt 1.5 inch 100 -> ?  HEX-M6x40 / HEX-M10x40
washer same             -> ?
```

ಮೇಡಂ ಬೆರಳು `10 no bolt` ಸಾಲಿನ ಪ್ರಶ್ನೆ ಚಿಹ್ನೆಯ ಮೇಲೆ ನಿಂತಿದೆ. "ಇದೇ ನೋಡಿ, ದಿನಾ ಬರೋದು," ಅನ್ನುತ್ತಾರೆ.

ಹತ್ತು ನಂಬರ್ ಬೋಲ್ಟ್ ಅಂದರೆ ಎಂ10 ಅಂತ ನಿಮಗೂ ಅನಿಸುತ್ತದೆ, ಅಲ್ಲವೇ? ಆದರೆ ಎಷ್ಟೋ ಫಿಟ್ಟರುಗಳು ಬೋಲ್ಟನ್ನು ಅದಕ್ಕೆ ಹಾಕುವ ಸ್ಪ್ಯಾನರಿನ ನಂಬರಿನಿಂದ ಕರೆಯುತ್ತಾರೆ. ಎಂ6 ಬೋಲ್ಟಿನ ಷಡ್ಭುಜ ತಲೆಗೆ 10ರ ಸ್ಪ್ಯಾನರ್, ಎಂ8ಕ್ಕೆ 13ರದು. ಎಂ10ಕ್ಕೆ ಹಳೆಯ ಜರ್ಮನ್ ಮಾನಕದಲ್ಲಿ 17, ಈಗಿನ ಐಎಸ್ಒ ಮಾನಕದಲ್ಲಿ 16. ಅವರ ಕೈಯಲ್ಲಿ ಇಡೀ ದಿನ ಇರುವುದು ಸ್ಪ್ಯಾನರು, ಅದರ ಮೇಲೆ ಕೊರೆದ ಅಂಕಿಯೇ ಅವರಿಗೆ ಬೋಲ್ಟಿನ ಹೆಸರು. ಅವರ ಲೆಕ್ಕದಲ್ಲಿ ತಪ್ಪಿಲ್ಲ, ಅದು ನಮ್ಮ ಪಟ್ಟಿಗೆ ಗೊತ್ತಿಲ್ಲ ಅಷ್ಟೆ.

ಉದ್ದದ್ದೂ ಹಾಗೇ. ಒಂದೂವರೆ ಇಂಚು ಎಂದರೆ 38.1 ಮಿಲಿಮೀಟರ್. ಆ ಉದ್ದದ ಮೆಟ್ರಿಕ್ ಬೋಲ್ಟು ಈ ಅಂಗಡಿಯಲ್ಲಿಲ್ಲ. 35 ಇದೆ, 40 ಇದೆ. ಇಲ್ಲಿ ಕ್ಯಾಲ್ಕುಲೇಟರ್ ಒತ್ತಿ ಪ್ರಯೋಜನವಿಲ್ಲ. ಯಜಮಾನರು ತಮ್ಮ ಅನುಭವದಿಂದ ಬರೆಸಿದ ಒಂದು ಪುಟ್ಟ ಕೋಷ್ಟಕವಿದೆ: ಒಂದು ಇಂಚಿಗೆ 25, ಒಂದೂವರೆಗೆ 40, ಎರಡಕ್ಕೆ 50. ಅಂಕಿಯನ್ನು ಸಡಿಲಿಸುವ ಒಂದೇ ಜಾಗ ಇದು, ಅದೂ ಮನುಷ್ಯರು ಬರೆದುಕೊಟ್ಟಷ್ಟೇ. ಹೀಗೆ ಬದಲಿಸಿದಾಗಲೆಲ್ಲ ಗಿರಾಕಿಗೆ ಹೋಗುವ ಉತ್ತರದಲ್ಲಿ 40 ಎಂಬುದು ಎದ್ದು ಕಾಣಬೇಕು.

ಹಳೆಯ ಲೆಕ್ಕ ಏನನ್ನುತ್ತದೆ? ಈ ಯೂನಿಟ್ ಎಂ6×40ನ್ನು ಎರಡು ಸಲ ಕೊಂಡಿದೆ, ಎಂ10×40ನ್ನು ಒಂದು ಸಲ. ಎರಡಕ್ಕೆ ಒಂದು ಎಂದು ಮತ ಎಣಿಸಿ ಕಳಿಸುವ ವಿಷಯ ಇದಲ್ಲ. ಎಂ10 ಬೋಲ್ಟು ಎಂ6ಕ್ಕಿಂತ ಸುಮಾರು ಮೂರು ಪಟ್ಟು ತೂಕ, ಬೆಲೆಯೂ ಅದಕ್ಕೆ ತಕ್ಕಂತೆ. ತಪ್ಪಾದರೆ ನೂರು ಬೋಲ್ಟೂ ವಾಪಸ್, ಹುಡುಗನಿಗೆ ಎರಡು ಓಡಾಟ, ಬಿಲ್ಲು ರದ್ದು ಮಾಡಿ ಹೊಸದು. ಕೇಳಿದರೆ ಅರ್ಧ ನಿಮಿಷ.

ಪ್ರಶ್ನೆ ಹೋಗುತ್ತದೆ: "ಅಣ್ಣ, 10 ನಂಬರ್ ಅಂದ್ರೆ ಸ್ಪ್ಯಾನರ್ 10 (ಎಂ6) ಅಥವಾ ಬೋಲ್ಟೇ 10 (ಎಂ10)?" ಕೆಳಗೆ ಒತ್ತಲು ಎರಡು ಬಟನ್. ನಿಮ್ಮ ಟೀ ಇನ್ನೂ ಆರಿಲ್ಲ, ಉತ್ತರ ಬಂತು: ಸ್ಪ್ಯಾನರ್ 10. ಎಂ6×40, ನೂರು.

ಈ ಉತ್ತರವನ್ನು ಉಳಿಸಿಕೊಳ್ಳುತ್ತೇವೆ, ಆದರೆ ಎಚ್ಚರದಿಂದ. ಆ ಮೊಬೈಲ್ ಒಬ್ಬರದಲ್ಲ, ಯೂನಿಟ್ಟಿನದು. ಹಗಲಿನ ಸೂಪರ್‌ವೈಸರ್ ಸ್ಪ್ಯಾನರಿನ ಲೆಕ್ಕ ಹೇಳಿದರೆ ರಾತ್ರಿ ಪಾಳಿಯವರು ಬೋಲ್ಟಿನ ಲೆಕ್ಕ ಹೇಳಬಹುದು. ಆದ್ದರಿಂದ ಮುಂದಿನ ಸಲ ಎಂ6 ಮೊದಲ ಬಟನ್ ಆಗಿ ಬರುತ್ತದೆ; ಪ್ರಶ್ನೆ ಮಾತ್ರ ಉಳಿಯುತ್ತದೆ. ಎಂ8×25ನ್ನು ಅವರು ಹೇಗೆ ಬರೆದರೂ ಅದೇ ಆಗುತ್ತದೆ, ಆ ಬಗೆಯ ಪದಗಳನ್ನು ಟ್ಯಾಲಿಯಲ್ಲಿ ಆ ವಸ್ತುವಿನ ಇನ್ನೊಂದು ಹೆಸರಾಗಿ ಸೇರಿಸಿಬಿಡಬಹುದು. ಹತ್ತು ನಂಬರನ್ನು ಹಾಗೆ ಸೇರಿಸಲು ಬರುವುದಿಲ್ಲ, ಅದಕ್ಕೆ ಎರಡು ಅರ್ಥ.

ಉಳಿದದ್ದು `washer same`. ಮೇಲಿನ ಬೋಲ್ಟುಗಳಷ್ಟೇ ಎಂದೋ, ಹೋದ ಸಲದ್ದೇ ಎಂದೋ? ಇದನ್ನು ಬಟನ್ನಿನಲ್ಲಿ ಕೇಳಲು ಹೋದರೆ ಐದಾರು ಆಯ್ಕೆ ಕೊಡಬೇಕಾಗುತ್ತದೆ, ಓದುವವರಿಗೆ ತಾಳ್ಮೆ ಇರುವುದಿಲ್ಲ. ಮೇಡಂ ಫೋನೇ ಎತ್ತಿಕೊಳ್ಳುತ್ತಾರೆ.

"ಅಣ್ಣ, ವಾಷರ್ ಯಾವ್ದು?"

"ಹೋದ ಸಲದ್ದೇ ಅಕ್ಕ, ಎಂಟಕ್ಕೆ ಸ್ಪ್ರಿಂಗ್ ವಾಷರ್. ನಾನೂರು ಹಾಕಿ."

ಪ್ರೋಗ್ರಾಂ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ನಾವು ಎರಡು ಪಟ್ಟಿ ಇಟ್ಟಿದ್ದೇವೆ. ಮೇಡಂ ಕಳಿಸುವ ಮೊದಲು ತಿದ್ದಿದ ಸಾಲುಗಳು ಒಂದರಲ್ಲಿ. ಪ್ರಶ್ನೆಯೇ ಇಲ್ಲದೆ ದಾಟಿಹೋಗಿ ಆಮೇಲೆ ಮಾಲು ವಾಪಸ್ ಬಂದ ಸಾಲುಗಳು ಇನ್ನೊಂದರಲ್ಲಿ. ಮೊದಲನೆಯದು ಉದ್ದವಾದರೆ ಬರೀ ಕೆಲಸ ಹೆಚ್ಚು. ಎರಡನೆಯದರಲ್ಲಿ ಒಂದೇ ಸಾಲು ಬಂದರೂ ಅಂದು ಸಂಜೆ ಕೂತು ಕಾರಣ ಹುಡುಕುತ್ತೇವೆ. ಗಿರಾಕಿಗೆ ಕಳಿಸಿದ ಖಾತ್ರಿ ಮೆಸೇಜಿಗೆ ಹೆಬ್ಬೆಟ್ಟಿನ ಚಿತ್ರ ಬಂತೆಂದು ನೆಮ್ಮದಿಪಟ್ಟರೆ ಆಗದು. ಓದದೆಯೂ ಅದನ್ನು ಒತ್ತುತ್ತಾರೆ.

ಒಂಬತ್ತೂ ಐದು. ಹುಡುಗ ಪೆಟ್ಟಿಗೆ ಇಳಿಸಿ, ಎಂ6 ಬೋಲ್ಟುಗಳನ್ನು ಎಣಿಸಿ ಕವರಿಗೆ ಹಾಕುತ್ತಾನೆ. ಪ್ರಿಂಟರಿನಿಂದ ಚಲನ್ ಹೊರಬರುತ್ತದೆ: ನಾಲ್ಕು ಸಾಲು, ಎಲ್ಲಕ್ಕೂ 7318ರ ಎಚ್‌ಎಸ್‌ಎನ್. ಎಡಗಡೆಯ ಕಲಂ ನಾವು ಹಠ ಹಿಡಿದು ಹಾಕಿಸಿದ್ದು. ಮಾಲು ಇಳಿಸಿಕೊಳ್ಳುವವರು ನಮ್ಮ ಕೋಡ್ ಓದಿ ತಾಳೆ ನೋಡುವುದಿಲ್ಲ, ತಮ್ಮ ಮಾತನ್ನು ಓದಿ ನೋಡುತ್ತಾರೆ. ಆದ್ದರಿಂದ ಎಂ6×40ರ ಪಕ್ಕದಲ್ಲಿ ಅವರು ಬರೆದದ್ದೇ, ಅಕ್ಷರ ತಿದ್ದದೆ ಇದೆ: `10 no bolt 1.5 inch 100`.