ಹೆಸರಿಗೆ 256 ಜಿಬಿ

ಮೆಮೊರಿ ಕಾರ್ಡ್‌ನ ಸೈಜ್ ಎಷ್ಟು ಅಂತ ಲ್ಯಾಪ್‌ಟಾಪ್ ಅಳೆದು ನೋಡೋದಿಲ್ಲ, ಕಾರ್ಡ್‌ನೇ ಕೇಳುತ್ತೆ. ಕಾರ್ಡ್ ಏನು ಹೇಳುತ್ತೋ ಅದನ್ನೇ ನಂಬಿ ನಮಗೆ ತೋರಿಸುತ್ತೆ. ನಕಲಿ ಕಾರ್ಡ್‌ಗಳ ವ್ಯಾಪಾರವೆಲ್ಲಾ ನಿಂತಿರೋದು ಇಷ್ಟರ ಮೇಲೆ.

ಕಾರ್ಡ್ ಒಳಗೆ ಮುಖ್ಯವಾಗಿ ಎರಡು ಭಾಗ ಇರುತ್ತೆ. ಡೇಟಾ ಕೂರೋದು ಫ್ಲ್ಯಾಶ್ ಚಿಪ್‌ನಲ್ಲಿ. ಆ ಚಿಪ್‌ನ ಮುಂದೆ ಕೂತು ಹೊರಗಿನವರ ಜೊತೆ ಮಾತಾಡೋದು ಕಂಟ್ರೋಲರ್. "ನಿನ್ನ ಹತ್ತಿರ ಎಷ್ಟು ಜಾಗ ಇದೆ?" ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಈ ಕಂಟ್ರೋಲರ್. ನಕಲಿ ಮಾಡುವವರು 32 ಜಿಬಿ ಚಿಪ್ ಹಾಕಿ, ಕಂಟ್ರೋಲರ್‌ನ ಫರ್ಮ್‌ವೇರ್‌ನಲ್ಲಿ 256 ಅಂತ ಬರೆದು ಕಳಿಸ್ತಾರೆ. ನಮ್ಮ ಹಾಸ್ಟೆಲ್ ಲೆಕ್ಕದಲ್ಲಿ ಹೇಳೋದಾದ್ರೆ, ವಾರ್ಡನ್ ರಿಜಿಸ್ಟರ್‌ನಲ್ಲಿ 256 ರೂಮ್ ಇದೆ, ಕಟ್ಟಡದಲ್ಲಿ ಇರೋದು 32. ಮೂವತ್ತಮೂರನೆಯವನಿಗೂ ರೂಮ್ ಅಲಾಟ್ ಆಯ್ತು ಅಂತ ಚೀಟಿ ಸಿಗುತ್ತೆ. ಲಗೇಜ್ ಎತ್ತಿಕೊಂಡು ಮೇಲೆ ಹೋದ್ರೆ ಅಲ್ಲಿ ಮಹಡಿಯೇ ಇಲ್ಲ.

ಕಳೆದ ವರ್ಷದ ರಾಜ್ಯೋತ್ಸವದ ವಿಡಿಯೋ ಹೋಗಿದ್ದು ಹೀಗೇ. ಆಗ ನಾವು ಫಸ್ಟ್ ಇಯರ್, ಕುರ್ಚಿ ಜೋಡಿಸೋ ಕೆಲಸ ನಮ್ಮದು. ಸೀನಿಯರ್ಸ್ ಎರಡು ದಿನದ ಕಾರ್ಯಕ್ರಮವನ್ನ ಒಂದೇ ಕಾರ್ಡ್‌ಗೆ ರೆಕಾರ್ಡ್ ಮಾಡಿದ್ರು. ಆಮೇಲೆ ನೋಡಿದ್ರೆ ಎಲ್ಲಾ ಫೈಲ್ ಇದೆ, ಹೆಸರು, ತಾರೀಕು, ಸೈಜ್ ಎಲ್ಲಾ ಸರಿಯಾಗಿದೆ. ಆದರೆ ಮೊದಲ ದಿನದ ನಾಲ್ಕು ಗಂಟೆ ಆದಮೇಲೆ ಒಂದು ಫೈಲೂ ಓಪನ್ ಆಗ್ತಿಲ್ಲ. ನಾಲ್ಕು ಗಂಟೆ ಅನ್ನೋದಕ್ಕೂ ಲೆಕ್ಕ ಇದೆ. ಅವರ ಸೆಟ್ಟಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ ವಿಡಿಯೋ ಆಗ್ತಿತ್ತು, ಅಂದ್ರೆ ನಾಲ್ಕು ಗಂಟೆಗೆ 31 ಜಿಬಿ. ಅಲ್ಲಿಗೆ ನಿಜವಾದ ಜಾಗ ಮುಗಿದಿತ್ತು. ಎರಡನೇ ದಿನ ನಮ್ಮ ಮೆಸ್‌ನಲ್ಲಿ ಅಡುಗೆ ಮಾಡ್ತಿದ್ದ ಅಣ್ಣ ಸ್ಟೇಜ್ ಹತ್ತಿ ಮಾದಪ್ಪನ ಹಾಡು ಹೇಳಿದ್ರು. ಇಡೀ ಆಡಿಟೋರಿಯಂ ಎದ್ದು ನಿಂತಿತ್ತು. ಅವರು ಈ ವರ್ಷ ಕೆಲಸ ಬಿಟ್ಟು ಊರಿಗೆ ಹೋದ್ರು. ಆ ಹಾಡಿನ ಫೈಲ್ 1.9 ಜಿಬಿ ಅಂತ ತೋರಿಸುತ್ತೆ, ಒಳಗೆ ಬರೀ ಸೊನ್ನೆ.

ಕ್ಯಾಮೆರಾ ಯಾಕೆ ಎರರ್ ಕೊಡಲಿಲ್ಲ ಅಂತ ನಾವೂ ಕೇಳಿದ್ವಿ. ಕೊಡೋಕೆ ಅದಕ್ಕೆ ಕಾರಣವೇ ಇರಲಿಲ್ಲ. ಇಲ್ಲದ ಜಾಗಕ್ಕೆ ಬರೆಯಲು ಹೇಳಿದಾಗ ಕಂಟ್ರೋಲರ್ "ಬರೆದೆ" ಅಂತ ಉತ್ತರ ಕೊಟ್ಟು ಡೇಟಾನ ಬಿಸಾಡುತ್ತೆ. ಫೈಲ್‌ನ ಹೆಸರು ಮತ್ತು ಸೈಜ್ ಇರುವ ಪಟ್ಟಿ ಸಾಮಾನ್ಯವಾಗಿ ಕಾರ್ಡ್‌ನ ಶುರುವಿನ ಜಾಗದಲ್ಲಿ ಕೂರುತ್ತೆ, ಅಲ್ಲಿ ನಿಜವಾದ ಚಿಪ್ ಇದೆ. ಹಾಗಾಗಿ ಪಟ್ಟಿ ಉಳಿಯುತ್ತೆ, ಒಳಗಿನದು ಹೋಗುತ್ತೆ. ಇನ್ನೊಂದು ಜಾತಿಯ ನಕಲಿ ಇದೆ. ಅದು ಜಾಗ ಮುಗಿದಮೇಲೆ ಸುತ್ತಿ ಬಂದು ಮೊದಲಿನಿಂದ ಬರೆಯೋಕೆ ಶುರು ಮಾಡುತ್ತೆ. ಅದು ಪಟ್ಟಿಯನ್ನೇ ಅಳಿಸಿಬಿಡೋದ್ರಿಂದ ಕಾರ್ಡ್ ಬೇಗ ಕೆಟ್ಟು ಕಳ್ಳ ಸಿಕ್ಕಿಬೀಳ್ತಾನೆ. ಬಿಸಾಡುವ ಜಾತಿಯೇ ಹೆಚ್ಚು ಡೇಂಜರ್, ಯಾಕಂದ್ರೆ ಮೇಲ್ನೋಟಕ್ಕೆ ಏನೂ ಆಗಿರಲ್ಲ.

ಈ ವರ್ಷ ಕ್ಲಬ್‌ಗೆ ಹೊಸ ಕಾರ್ಡ್ ಬಂತು. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದು, 256 ಜಿಬಿ, ₹599. ಕ್ಯಾಮೆರಾಕ್ಕೆ ಹಾಕೋ ಮೊದಲು ಒಂದು ರಾತ್ರಿ ನಮಗೆ ಕೊಡಿ ಅಂತ ಇಸ್ಕೊಂಡು ಬಂದ್ವಿ.

ಹೊರಗಿಂದ ನೋಡಿ ಹೇಳಬಹುದಾದದ್ದು ಕಮ್ಮಿ. ಬೆಲೆ ಒಂದು ಸುಳಿವು: ಹೆಸರಿರೋ ಕಂಪನಿಯ ಅಷ್ಟೇ ಸೈಜ್‌ನ ಕಾರ್ಡ್‌ಗಿಂತ ತೀರಾ ಅಗ್ಗ ಅಂದ್ರೆ ಅನುಮಾನ ಪಡಬೇಕು. ಕಾರ್ಡ್ ಮೇಲಿನ ಗುರುತು ಇನ್ನೊಂದು: ಎಚ್‌ಸಿ ಅಂದ್ರೆ 32 ಜಿಬಿವರೆಗೆ, ಎಕ್ಸ್‌ಸಿ ಅಂದ್ರೆ ಅಲ್ಲಿಂದ 2 ಟಿಬಿವರೆಗೆ. ಎಚ್‌ಸಿ ಗುರುತಿದ್ದು 256 ಜಿಬಿ ಅಂತ ಬರೆದಿದ್ರೆ ಅಲ್ಲೇ ಸುಳ್ಳು. ನಮ್ಮ ಕಾರ್ಡ್‌ನಲ್ಲಿ ಎಕ್ಸ್‌ಸಿ ಅಂತಲೇ ಇತ್ತು, ಪ್ರಿಂಟ್ ಕೂಡ ನೀಟಾಗಿತ್ತು. ಲ್ಯಾಪ್‌ಟಾಪ್ 238 ಜಿಬಿ ಅಂತ ತೋರಿಸಿದ್ದಕ್ಕೆ ಪಕ್ಕದ ರೂಮಿನವನು "ನೋಡ್ರೋ, 18 ಜಿಬಿ ಕದ್ದಿದ್ದಾರೆ" ಅಂದ. ಅದು ಕಳ್ಳತನ ಅಲ್ಲ. ಕಂಪನಿ 1 ಜಿಬಿ ಅಂದ್ರೆ 100 ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತೆ, ವಿಂಡೋಸ್ 1024 ರ ಗುಣಕದಲ್ಲಿ ಹಾಕುತ್ತೆ. ಅಸಲಿ 256 ಕೂಡ 238 ಅಂತಲೇ ಕಾಣುತ್ತೆ.

ಅವನೇ ಇನ್ನೊಂದು ಮಾತು ಹೇಳಿದ. "ಮಗಾ, ಐದು ಜಿಬಿ ಸಿನಿಮಾ ಹಾಕಿ ಪ್ಲೇ ಮಾಡಿ ನೋಡು, ಸಾಕು." ಸಾಕಾಗಲ್ಲ. ಐದು ಜಿಬಿ ಹೋಗಿ ಕೂರೋದು ಸಾಮಾನ್ಯವಾಗಿ ಮೊದಲ ಜಾಗದಲ್ಲಿ, ಅಲ್ಲಿ ಚಿಪ್ ನಿಜವಾಗಲೂ ಇದೆ. ಜೊತೆಗೆ, ಈಗ ತಾನೇ ಕಾಪಿ ಮಾಡಿದ ಫೈಲ್ ಪ್ಲೇ ಮಾಡಿದ್ರೆ ಅದು ಕಾರ್ಡ್‌ನಿಂದ ಬರ್ತಿದೆಯೋ ಲ್ಯಾಪ್‌ಟಾಪ್ ರ‍್ಯಾಮ್‌ನಿಂದ ಬರ್ತಿದೆಯೋ ಗೊತ್ತಾಗಲ್ಲ. ನಂಬಬಹುದಾದ ದಾರಿ ಅಂದ್ರೆ ಕಾರ್ಡ್ ಪೂರ್ತಿ ತುಂಬಿಸೋದು, ಹೊರಗೆ ತೆಗೆದು ಮತ್ತೆ ಹಾಕೋದು, ತುಂಬಿಸಿದ್ದನ್ನೆಲ್ಲಾ ಓದಿ ಹೋಲಿಸೋದು. ತೆಗೆದು ಹಾಕಿದ್ರೆ ರ‍್ಯಾಮ್‌ನಲ್ಲಿ ಉಳಿದ ನಕಲು ಲೆಕ್ಕಕ್ಕೆ ಬರಲ್ಲ.

ಇದನ್ನ ಮಾಡೋಕೆ ವಿಂಡೋಸ್‌ನಲ್ಲಿ H2testw ಇದೆ, ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಗಾಗಿ ಬರೆದ ಪುಟ್ಟ ಪ್ರೋಗ್ರಾಂ. ನಮ್ಮದು ಉಬುಂಟು, ಅದಕ್ಕೆ ಅದೇ ಕೆಲಸ ಮಾಡುವ f3 ಹಾಕ್ಕೊಂಡ್ವಿ. ಎರಡೂ ಫ್ರೀ. ಕಾರ್ಡ್‌ನಲ್ಲಿ ಏನೂ ಇರಬಾರದು, ನಕಲಿ ಆಗಿದ್ರೆ ಟೆಸ್ಟ್ ಮಾಡುವಾಗಲೇ ಹಳೇ ಫೈಲ್ ಹೋಗಬಹುದು.

```
sudo apt install f3
f3write /media/$USER/CARD
f3read /media/$USER/CARD
```

CARD ಅಂತ ಇರೋ ಕಡೆ ನಿಮ್ಮ ಕಾರ್ಡ್‌ನ ಹೆಸರು ಬರಬೇಕು. ಮೊದಲನೇ f3write ಒಂದೊಂದು ಜಿಬಿಯ ಫೈಲ್‌ಗಳನ್ನ 1.h2w, 2.h2w ಅಂತ ಬರೀತಾ ಹೋಗುತ್ತೆ. ಒಳಗೆ ಇರೋದು ಲೆಕ್ಕ ಹಾಕಿ ಮಾಡಿದ ಅಂಕಿಗಳು, ಹಾಗಾಗಿ ಯಾವ ಜಾಗದಲ್ಲಿ ಏನಿರಬೇಕು ಅಂತ f3read ಆಮೇಲೆ ತಾನೇ ಲೆಕ್ಕ ಹಾಕಿ ಹೋಲಿಸಬಲ್ಲದು.

ನಮ್ಮ ಕಾರ್ಡ್ ಸೆಕೆಂಡಿಗೆ ಸುಮಾರು 20 ಎಂಬಿ ಬರೀತಿತ್ತು. 256 ಜಿಬಿಗೆ ಮೂರೂವರೆ ಗಂಟೆ. ಊಟ ಮಾಡಿ ಬಂದು ಶುರು ಮಾಡಿದ್ದು, ರಾತ್ರಿ ಒಂದಕ್ಕೆ ಮುಗಿಯಿತು. ಒಂದೇ ಒಂದು ಎರರ್ ಇಲ್ಲ. ಇಲ್ಲಿಗೇ ನಿಲ್ಲಿಸಿದ್ರೆ ಕಾರ್ಡ್ ಪಾಸ್ ಅಂತಲೇ ಅಂದ್ಕೋಬೇಕಿತ್ತು. ತೆಗೆದು ಹಾಕಿ f3read ಕೊಟ್ವಿ. ಮೊದಲ 29 ಫೈಲ್ ಕ್ಲೀನ್. 30.h2w ನಲ್ಲಿ ಶುರುವಿನ 51 ಎಂಬಿ ಸರಿ, ಉಳಿದದ್ದು ಹೋಗಿದೆ. ಅಲ್ಲಿಂದ ಮುಂದೆ ಪ್ರತಿಯೊಂದು ಸಾಲೂ ಒಂದೇ ಥರ. ಕೊನೆಗೆ ಬಂದದ್ದು ಇದು:

```
  Data OK: 29.05 GB (60921856 sectors)
Data LOST: 209.12 GB (438556672 sectors)
```

ಇದರ ಕೆಳಗೆ ಕಳೆದುಹೋದದ್ದು ಹೇಗೆ ಹೋಯ್ತು ಅಂತ ಮೂರು ಸಾಲು ಇರುತ್ತೆ. ನಮ್ಮದರಲ್ಲಿ ಎಲ್ಲಾ Corrupted ಕಡೆ ಬಿದ್ದಿತ್ತು, ಅಂದ್ರೆ ಬಿಸಾಡುವ ಜಾತಿ. ಸುತ್ತಿ ಬರುವ ಜಾತಿ ಆಗಿದ್ರೆ Overwritten ಕಡೆ ಬೀಳುತ್ತೆ. ಇಲ್ಲೊಂದು ಎಚ್ಚರ ಬೇಕು. ಹಾಳಾದ ಸೆಕ್ಟರ್ ಅಲ್ಲಲ್ಲಿ ಚದುರಿದ್ದು ಉಳಿದದ್ದೆಲ್ಲಾ ಸರಿ ಇದ್ರೆ, ಅದು ಸವೆದ ಕಾರ್ಡ್ ಇರಬಹುದು, ಕೆಟ್ಟ ರೀಡರ್ ಇರಬಹುದು. ಬೇರೆ ರೀಡರ್‌ನಲ್ಲಿ ಒಮ್ಮೆ ಹಾಕಿ ನೋಡಬೇಕು. ನಕಲಿಯ ಗುರುತು ಅಂದ್ರೆ ಗೆರೆ ಎಳೆದ ಹಾಗೆ ಒಂದು ಜಾಗದ ತನಕ ಪೂರ್ತಿ ಸರಿ, ಅಲ್ಲಿಂದ ಪೂರ್ತಿ ಇಲ್ಲ.

ಅಷ್ಟು ಹೊತ್ತು ಕಾಯೋಕೆ ಆಗದವರಿಗೆ f3probe ಇದೆ. ಅದು ಅಲ್ಲಲ್ಲಿ ಮಾತ್ರ ಬರೆದು ನೋಡಿ ನಿಮಿಷಗಳಲ್ಲಿ ಉತ್ತರ ಹೇಳುತ್ತೆ. ನಾವೂ ಹಾಕಿದ್ವಿ, `counterfeit of type limbo` ಅಂತ ಬಂತು. ಆದರೆ `--destructive` ಜೊತೆ ಕೊಟ್ಟರೆ ಕಾರ್ಡ್‌ನಲ್ಲಿರೋದು ಹೋಗುತ್ತೆ. ಮತ್ತೆ ಅದಕ್ಕೆ ಫೋಲ್ಡರ್ ಅಲ್ಲ, /dev/sdb ಥರದ ಡಿವೈಸ್ ಹೆಸರೇ ಕೊಡಬೇಕು. ಒಂದಕ್ಷರ ತಪ್ಪಿ ಬೇರೆ ಡಿಸ್ಕ್ ಕೊಟ್ಟರೆ ಸೆಮ್ ಪೂರ್ತಿಯ ಲ್ಯಾಬ್ ರೆಕಾರ್ಡ್ ಹೋದ ಹಾಗೆ. ಮೊದಲು `lsblk` ಹಾಕಿ ಸೈಜ್ ನೋಡಿ ಖಾತ್ರಿ ಮಾಡ್ಕೊಳ್ಳಿ.

ಇದನ್ನೆಲ್ಲಾ ಬಂದ ದಿನವೇ ಮಾಡಬೇಕು ಅನ್ನೋದಕ್ಕೆ ಕಾರಣ ರಿಟರ್ನ್ ಅವಧಿ. ನಮಗೆ ಇದ್ದದ್ದು ಏಳು ದಿನ. 256 ಜಿಬಿ ಅಂತ ತಗೊಂಡವರು ಏಳು ದಿನದಲ್ಲಿ 29 ಜಿಬಿ ದಾಟೋದು ಅಪರೂಪ. ಮಾರುವವನಿಗೂ ಅದು ಗೊತ್ತು. ನಾವು f3read ರಿಸಲ್ಟ್‌ನ ಸ್ಕ್ರೀನ್‌ಶಾಟ್, ಕಾರ್ಡ್‌ನ ಎರಡೂ ಬದಿಯ ಫೋಟೋ ಹಾಕಿ ದೂರು ಕೊಟ್ವಿ. ಮೊದಲು "ಫಾರ್ಮ್ಯಾಟ್ ಮಾಡಿ ನೋಡಿ" ಅಂದ್ರು. ಫಾರ್ಮ್ಯಾಟ್ ಮಾಡಿದ್ರೆ ಖಾಲಿ ಪಟ್ಟಿ ಬರೆಯುತ್ತೆ ಅಷ್ಟೇ, ಇಲ್ಲದ ಚಿಪ್ ಬರಲ್ಲ ಅಂತ ಉತ್ತರ ಬರೆದ್ವಿ. ಮೂರನೇ ದಿನ ದುಡ್ಡು ವಾಪಸ್ ಬಂತು. ಬರದಿದ್ರೆ ಗ್ರಾಹಕರ ಸಹಾಯವಾಣಿ 1915 ಕ್ಕೆ ಫೋನ್ ಮಾಡೋಣ ಅಂತ ಇದ್ವಿ.

f3 ಜೊತೆ ಬರುವ f3fix ಬಳಸಿ ಇಂಥ ಕಾರ್ಡನ್ನ 29 ಜಿಬಿಗೆ ಮಾತ್ರ ಪಾರ್ಟಿಷನ್ ಮಾಡಿ ಇಟ್ಕೋಬಹುದು. ಆದರೆ ಯಾರಾದ್ರೂ ಇನ್ನೊಮ್ಮೆ ಪೂರ್ತಿ ಫಾರ್ಮ್ಯಾಟ್ ಮಾಡಿದ್ರೆ ಮತ್ತೆ 256 ಆಗಿ ಎದ್ದು ಕೂರುತ್ತೆ. ನಮಗಂತೂ ಆ ಚಿಪ್ ಮೇಲೆ ನಂಬಿಕೆ ಇಲ್ಲ, ವಾಪಸ್ ಕಳಿಸಿದ್ವಿ.

ಈ ಸುದ್ದಿ ಹಾಸ್ಟೆಲ್‌ನಲ್ಲಿ ಹಬ್ಬಿದ ಮೇಲೆ ಮೂರನೇ ಮಹಡಿಯ ಗೆಳೆಯ ಒಬ್ಬ ತನ್ನ 2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಹಿಡ್ಕೊಂಡು ಬಂದ. ₹1,800 ಕೊಟ್ಟಿದ್ದನಂತೆ. `lsusb -t` ಹಾಕಿದ್ರೆ 480M ಅಂತ ಬಂತು, ಅಂದ್ರೆ ಹಳೇ ಯುಎಸ್‌ಬಿ 2 ರ ವೇಗ. ಕೇಬಲ್ ಹಳೇದಾದ್ರೂ ಹಾಗೆ ಬರಬಹುದು, ಬೇರೆ ಕೇಬಲ್ ಹಾಕಿದ್ವಿ, ಅಷ್ಟೇ ಬಂತು. ಇದನ್ನ ಪೂರ್ತಿ ತುಂಬಿಸೋಕೆ ಸೆಕೆಂಡಿಗೆ 20 ಎಂಬಿ ಲೆಕ್ಕದಲ್ಲಿ ಇಪ್ಪತ್ತೇಳು ಗಂಟೆ ಮೇಲೆ ಬೇಕು. ಅದಕ್ಕೆ `f3write --end-at=100` ಅಂತ ಕೊಟ್ಟು ನೂರು ಫೈಲ್ ಮಾತ್ರ ಬರೆಸಿದ್ವಿ, ಒಂದೂವರೆ ಗಂಟೆ ಆಯ್ತು. ನೂರೂ ಸರಿ ಬಂದಿದ್ರೆ ಅಸಲಿ ಅಂತ ಆಗ್ತಿರಲಿಲ್ಲ, ಮುಂದುವರಿಸಬೇಕಿತ್ತು. ಆದರೆ ಐವತ್ತೆಂಟು ಫೈಲ್ ಆದಮೇಲೆ ಅದೇ ಗೆರೆ.

ಅವನಿಗೂ ದುಡ್ಡು ವಾಪಸ್ ಬಂತು, ಡ್ರೈವ್ ನೀವೇ ಇಟ್ಕೊಳ್ಳಿ ಅಂದ್ರಂತೆ. ಆಮೇಲೆ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದ್ವಿ. ಒಳಗೆ ಬೆರಳಗಲದ ಒಂದು ರೀಡರ್ ಬೋರ್ಡ್, ಅದರಲ್ಲಿ ಗಮ್ ಹಾಕಿ ಅಂಟಿಸಿದ ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಅದನ್ನ ಬಿಡಿಸಿ ನಮ್ಮ ರೀಡರ್‌ಗೆ ಹಾಕಿದ್ರೆ 58 ಜಿಬಿ ಅಂತ ಸರಿಯಾಗೇ ತೋರಿಸ್ತು. ಸುಳ್ಳು ಹೇಳ್ತಿದ್ದದ್ದು ಬೋರ್ಡ್, ಕಾರ್ಡ್ ಅಲ್ಲ. ಕಾರ್ಡ್ ಮೇಲೆ ಸಣ್ಣ ಅಕ್ಷರದಲ್ಲಿ 64 ಅಂತ ಪ್ರಿಂಟ್ ಕೂಡ ಇತ್ತು.