ಹಸಿರು ಹಿಡಿದ ಚುಕ್ಕೆ

ಜುಲೈ ತಿಂಗಳ ಒಂದು ರಾತ್ರಿ ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ ಕೂತು ಹುಬ್ಬಳ್ಳಿಯಲ್ಲಿರುವ ಅಪ್ಪನ ಹೆಜ್ಜೆಗಳನ್ನು ನೋಡುತ್ತಿದ್ದೆ. ಆ್ಯಪ್‌ನಲ್ಲಿ ದಿನಕ್ಕೊಂದು ಕಂಬ ಏಳುತ್ತದೆ. ಹೆಚ್ಚು ನಡೆದ ದಿನ ಎತ್ತರ, ಕಡಿಮೆ ನಡೆದ ದಿನ ಗಿಡ್ಡ. ಅಪ್ಪನ ಲೆಕ್ಕದಲ್ಲಿ ಒಂಬತ್ತು ದಿನಗಳಿಂದ ಕಂಬವೇ ಎದ್ದಿರಲಿಲ್ಲ. ಹೋದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದಾಗ ಡಾಕ್ಟರು ದಿನಾ ನಲವತ್ತು ನಿಮಿಷ ನಡೆಯಲೇಬೇಕು ಎಂದಿದ್ದರು. ನನ್ನ ಫೆಲೋಶಿಪ್ ಹಣ ಬಂದ ತಿಂಗಳು ಒಂದೇ ಥರದ ಎರಡು ಬ್ಯಾಂಡ್ ಕೊಂಡು, ಒಂದನ್ನು ಅವರ ಕೈಗೆ ಕಟ್ಟಿ, ಒಂದನ್ನು ನಾನು ಇಟ್ಟುಕೊಂಡಿದ್ದೆ.

ಫೋನ್ ಮಾಡಿದವಳೇ ಜಗಳಕ್ಕೆ ನಿಂತೆ. "ಅಪ್ಪಾ, ನೀ ನಡಿಯೂದ ಬಿಟ್ಟೀಯಲ್ಲ? ನನಗ ಇಲ್ಲಿ ಎಲ್ಲಾ ಕಾಣತೈತಿ."

"ಇಲ್ಲವ್ವಾ, ದಿನಾ ಉಣಕಲ್ ಕೆರಿ ಸುತ್ತ ಹೊಕ್ಕೀನಿ," ಎಂದರು. ನಾನು ನಂಬಲಿಲ್ಲ. ಒಂದಿಷ್ಟು ಬಿರುಸಾಗಿಯೇ ಮಾತಾಡಿ ಫೋನ್ ಇಟ್ಟೆ. ಹತ್ತು ನಿಮಿಷದ ಮೇಲೆ ಅವ್ವ ಮೆಲ್ಲಗೆ ಫೋನ್ ಮಾಡಿ ಹೇಳಿದಳು: "ಅದು ಚಾರ್ಜ್ ಆಗವಲ್ದಂತ. ದುರ್ಗದಬೈಲಿನ್ಯಾಗ ತೋರ್ಸಿದ್ರ ಬ್ಯಾಟರಿ ಹೋಗೇತಿ, ಹೊಸಾದು ತೊಗೋರಿ ಅಂದ್ರಂತ. ನಿನಗ ಖರ್ಚು ಬ್ಯಾಡಂತ ಹೇಳಿಲ್ಲ."

ಮಾಹಿತಿ ಇಲ್ಲದ ಜಾಗವನ್ನು ಸೊನ್ನೆ ಎಂದು ಓದಬಾರದು ಎನ್ನುವುದು ಸಂಶೋಧನೆಯ ಮೊದಲ ವರ್ಷದಲ್ಲೇ ಕಲಿತ ಪಾಠ. ನಾನು ಓದಿದ್ದು ಹಾಗೆಯೇ.

ಭಾನುವಾರ ಜುಬಿಲಿ ಸರ್ಕಲ್ಲಿನಿಂದ ಚಿಗರಿ ಬಸ್ ಹಿಡಿದು ಹೋದೆ. ಚೀಲದಲ್ಲಿ ನನ್ನ ಬ್ಯಾಂಡೂ ಅದರ ಚಾರ್ಜರೂ ಇದ್ದವು. ಚಾರ್ಜ್ ಆಗದ ಬ್ಯಾಂಡಿನ ವಿಷಯದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಸಾಮಾನೆಂದರೆ ಅದೇ ಥರದ ಇನ್ನೊಂದು ಜೋಡಿ.

ಅಪ್ಪ ರೈಲ್ವೆಯಲ್ಲಿ ಟ್ರೇನ್ ಲೈಟಿಂಗ್ ಫಿಟ್ಟರ್ ಆಗಿದ್ದವರು. ಬೋಗಿಗಳ ಹೊಟ್ಟೆಯ ಕೆಳಗಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಕೂತಿರುವ ಸೀಸದ ಬ್ಯಾಟರಿಗಳು, ಅವುಗಳಿಂದ ದೀಪ, ಫ್ಯಾನು: ಅವರ ಮೂವತ್ತು ವರ್ಷ ಕಳೆದದ್ದು ಅಲ್ಲೇ. ನಾನು ಮನೆ ಮುಟ್ಟುವಷ್ಟರಲ್ಲಿ ಹಳೆಯ ಮಲ್ಟಿಮೀಟರ್ ಹೊರಗೆ ಬಂದಿತ್ತು. ಜಗಳದ ಮಾತು ಇಬ್ಬರೂ ಎತ್ತಲಿಲ್ಲ. "ಗ್ವಾಡಿಯಿಂದ ಸುರು ಮಾಡೂಣು," ಎಂದರು ಅಪ್ಪ.

ಗೋಡೆಯಿಂದ ಶುರು ಮಾಡುವುದೆಂದರೆ ಕರೆಂಟು ಬರುವ ದಾರಿಯಲ್ಲೇ ನಾವೂ ಬರುವುದು. ಮೊದಲು ಸಾಕೆಟ್ಟು ಮತ್ತು ಅಡಾಪ್ಟರ್: ಅದೇ ಅಡಾಪ್ಟರಿಗೆ ಅವ್ವನ ಫೋನ್ ಸಿಕ್ಕಿಸಿದೆವು, ಚಾರ್ಜ್ ಆಯಿತು. ಮುಂದೆ ವೈರು. ಈ ಚಾರ್ಜರಿನಲ್ಲಿ ವೈರು ಡಾಕಿಗೇ ಅಂಟಿಕೊಂಡಿರುತ್ತದೆ, ಬೇರೆ ವೈರು ಹಾಕಿ ನೋಡುವ ಹಾಗಿಲ್ಲ. ಅದಕ್ಕೇ ಅಪ್ಪ ಡಾಕಿನ ಎರಡು ಪಿನ್ನುಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿದರು. ಐದು ವೋಲ್ಟಿಗೆ ಹತ್ತಿರದ ಅಂಕಿ ಬಂತು. ವೈರನ್ನು ಬುಡದ ಹತ್ತಿರ ಅತ್ತಿತ್ತ ಬಾಗಿಸಿದರೂ ಅಂಕಿ ಅಲುಗಲಿಲ್ಲ. ವೈರಿನ ಒಳಗೆ ಎಳೆ ಕಡಿದಿದ್ದರೆ ಬಾಗಿಸಿದಾಗ ಅಂಕಿ ಬಿದ್ದು ಏಳುತ್ತಿತ್ತು. ಮೀಟರ್ ಇಲ್ಲದವರು ಇದೇ ಬಾಗಿಸುವ ಪರೀಕ್ಷೆಯನ್ನು ಬ್ಯಾಂಡ್ ಇಟ್ಟು, ಪರದೆಯ ಚಾರ್ಜ್ ಗುರುತು ನೋಡುತ್ತಾ ಮಾಡಬಹುದು.

ಅಂದರೆ ಕರೆಂಟು ಪಿನ್ನಿನ ತುದಿಯವರೆಗೆ ಬಂದಿದೆ. ಆಮೇಲೆ ಅದಲುಬದಲು ಮಾಡಿದೆವು. ಅಪ್ಪನ ಬ್ಯಾಂಡನ್ನು ನನ್ನ ಡಾಕಿನ ಮೇಲಿಟ್ಟರೆ ಏನೂ ಇಲ್ಲ, ಕಪ್ಪು ಪರದೆ. ಹಾಗಾದರೆ ತಪ್ಪು ಬ್ಯಾಂಡಿನದೇ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಪ್ಪ, "ಉಳಿದದ್ದನ್ನೂ ನೋಡು," ಎಂದರು. ನನ್ನ ಬ್ಯಾಂಡನ್ನು ಅವರ ಡಾಕಿನ ಮೇಲಿಟ್ಟೆ. ಚಾರ್ಜಿನ ಗುರುತು ಬಂತು, ಹೋಯಿತು, ಮತ್ತೆ ಬಂತು. ಬೆರಳಿನಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಹೋಗುತ್ತದೆ. ದೋಷ ಎರಡಿದ್ದವು, ಒಂದರ ಹಿಂದೆ ಒಂದು ಅಡಗಿದ್ದವು. ಬ್ಯಾಂಡನ್ನಷ್ಟೇ ಸರಿಪಡಿಸಿ ಹಳೆಯ ಡಾಕಿಗೆ ಇಟ್ಟಿದ್ದರೆ ಆಗಲೂ ನೆಟ್ಟಗೆ ಚಾರ್ಜ್ ಆಗುತ್ತಿರಲಿಲ್ಲ. ಅಂಗಡಿಯವರ ಮಾತೇ ನಿಜ ಅನ್ನಿಸುತ್ತಿತ್ತು.

ಡಾಕಿನ ದೋಷ ಬೇಗ ಸಿಕ್ಕಿತು. ಅದರ ಎರಡು ಪಿನ್ನುಗಳ ಒಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಒತ್ತಿದರೆ ಕೆಳಗೆ ಹೋಗಿ ಮೇಲೆ ಬರಬೇಕು. ಒಂದು ಪಿನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಗ್ಗಿನಲ್ಲಿತ್ತು. ಬೆವರಿನ ಉಪ್ಪು ಸುತ್ತಲೂ ಗಟ್ಟಿಯಾಗಿ ಅದನ್ನು ಹಿಡಿದುಬಿಟ್ಟಿತ್ತು. ಮೀಟರಿನ ಕಡ್ಡಿ ತಾನೇ ಕೆಳಗಿಳಿದು ಪಿನ್ನನ್ನು ಮುಟ್ಟುತ್ತದೆ, ಅದಕ್ಕೇ ಅಂಕಿ ಸರಿ ಬಂದಿತ್ತು. ಬ್ಯಾಂಡು ಹಾಗೆ ಇಳಿಯುವುದಿಲ್ಲ.

ಅಯಸ್ಕಾಂತದ ಮೋಸವೂ ಇಲ್ಲೇ ಇದೆ. ಬ್ಯಾಂಡನ್ನು ಹತ್ತಿರ ತಂದರೆ ಟಪ್ ಎಂದು ಹಿಡಿಯುತ್ತದೆ. ನಾವು ಆ ಸದ್ದನ್ನೇ ಚಾರ್ಜ್ ಎಂದುಕೊಳ್ಳುತ್ತೇವೆ. ಅಯಸ್ಕಾಂತದ ಕೆಲಸ ಹತ್ತಿರ ಎಳೆಯುವುದಷ್ಟೇ. ಅಪ್ಪ ಟೀವಿ ಸ್ಟ್ಯಾಂಡಿನ ಇಕ್ಕಟ್ಟಿನಲ್ಲಿ, ಪಟ್ಟಿಯನ್ನು ಬಿಚ್ಚದೆ ಬಳೆಯಂತೆ ಹಾಗೇ ಇಡುತ್ತಿದ್ದರು. ಪಟ್ಟಿಯ ಬಕಲ್ ಕೆಳಗೆ ತಾಗಿ ಬ್ಯಾಂಡು ಒಂದು ಬದಿಗೆ ಎದ್ದಿರುತ್ತಿತ್ತು. ಹಿಡಿತವಿದೆ, ಸ್ಪರ್ಶವಿಲ್ಲ. ಇಟ್ಟ ಮೇಲೆ ಪರದೆಯ ಮೇಲೆ ಗುರುತು ಬಂದು ನಿಂತಿದೆಯೇ ಎಂದು ನೋಡಿಯೇ ಕೈ ಬಿಡಬೇಕು. ಕಣ್ಣಿನ ಪೊರೆ ಬಲಿಯುತ್ತಿರುವ ಅಪ್ಪನಿಗೆ ಆ ಸಣ್ಣ ಗುರುತು ಕಾಣುತ್ತಿರಲಿಲ್ಲ. ಅದನ್ನೂ ಅವರು ನನಗೆ ಹೇಳಿರಲಿಲ್ಲ.

ಡಾಕಿನ ವೈರನ್ನು ಗೋಡೆಯಿಂದ ಕಿತ್ತು, ಹತ್ತಿ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಪಿನ್ನಿನ ಸುತ್ತ ಒರೆಸಿದೆ. ಹಲ್ಲುಕಡ್ಡಿಯ ಮೊಂಡ ತುದಿಯಿಂದ ಹತ್ತು ಹನ್ನೆರಡು ಸಲ ಮೆಲ್ಲಗೆ ಒತ್ತಿ ಬಿಟ್ಟ ಮೇಲೆ ಪಿನ್ನು ಜೊತೆಗಾರನ ಎತ್ತರಕ್ಕೆ ಬಂತು.

ಇನ್ನು ಬ್ಯಾಂಡು. ಅದರ ಬೆನ್ನಿನಲ್ಲಿ ಬಂಗಾರದ ಬಣ್ಣದ ಎರಡು ಚುಕ್ಕೆಗಳಿರಬೇಕು. ಮೊಬೈಲ್ ಟಾರ್ಚಿನಲ್ಲಿ ನೋಡಿದರೆ ಒಂದು ಚುಕ್ಕೆ ಬಂಗಾರವೇ, ಇನ್ನೊಂದು ಹಸಿರು. ಬರೀ ಕೊಳೆಯಾಗಿದ್ದರೆ ಎರಡೂ ಒಂದೇ ಥರ ಮಸುಕಾಗಬೇಕಿತ್ತು. ಅಪ್ಪ ಬಗ್ಗಿ ನೋಡಿ ನಕ್ಕರು. "ಹಸರ ಆಗಿದ್ದು ಪ್ಲಸ್ ಇರತೈತಿ ನೋಡು," ಎಂದರು. ಮೀಟರಿನಲ್ಲಿ ನೋಡಿದರೆ ಹೌದು, ಡಾಕಿನ ಪ್ಲಸ್ ಪಿನ್ನು ಮುಟ್ಟುವುದು ಅದನ್ನೇ. ಬೋಗಿಯ ಬ್ಯಾಟರಿಗಳಲ್ಲೂ ಹೆಚ್ಚಾಗಿ ಬೂಷ್ಟು ಹಿಡಿಯುತ್ತಿದ್ದದ್ದು ಪ್ಲಸ್ ಕೊನೆಗೇ ಅಂತೆ. ಅಲ್ಲಿಯ ಕಾರಣ ಬೇರೆ, ಆಮ್ಲದ್ದು. ಇಲ್ಲಿಯದು ಬೆವರಿನದು.

ಚುಕ್ಕೆಯ ಮೇಲಿನ ಬಂಗಾರದ ಲೇಪ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಕೆಳಗೆ ನಿಕ್ಕಲ್, ತಾಮ್ರ. ಬ್ಯಾಂಡು ಕೈಯಲ್ಲಿದ್ದಾಗ ಚುಕ್ಕೆಗಳ ನಡುವೆ ಬಹುಮಟ್ಟಿಗೆ ಕರೆಂಟು ಇರುವುದಿಲ್ಲ. ಬೆವರು ಬರೀ ಉಪ್ಪುನೀರು. ಒದ್ದೆ ಬ್ಯಾಂಡನ್ನು ಉರಿಯುವ ಡಾಕಿನ ಮೇಲಿಟ್ಟರೆ ಆ ಉಪ್ಪುನೀರಿನ ಎರಡು ದಡದಲ್ಲಿ ಐದು ವೋಲ್ಟ್ ನಿಂತಂತಾಯಿತು. ಆಗ ಪ್ಲಸ್ ಬದಿಯ ಲೋಹ ಕರಗತೊಡಗುತ್ತದೆ, ತಾಮ್ರ ಹಸಿರು ಉಪ್ಪಾಗಿ ಮೇಲೆ ಬರುತ್ತದೆ. ಹಸಿರು ಪದರು ಕರೆಂಟು ಬಿಡುವುದಿಲ್ಲ.

"ಅಪ್ಪಾ, ಇದನ್ನ ಯಾವಾಗ ಚಾರ್ಜಿಗೆ ಇಡ್ತಿದ್ದಿ?"

"ದಿನಾ. ವಾಕಿಂಗ್ ಮುಗಿಸಿ ಬಂದ ಕೂಡ್ಲೆ ಇಟ್ಟು ಜಳಕಕ್ಕ ಹೊಕ್ಕೀನಿ. ಬ್ಯಾಟರಿ ಖಾಲಿ ಬಿಡಬಾರದವ್ವಾ."

ಸೀಸದ ಬ್ಯಾಟರಿಗೆ ಅದು ನಿಜ. ಖಾಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಸಾಯುತ್ತದೆ, ತುಂಬಿಸಿಯೇ ಇಡಬೇಕು. ಆ ಕಾಳಜಿಯನ್ನೇ ಅಪ್ಪ ಈ ಪುಟ್ಟ ಲಿಥಿಯಂ ಬ್ಯಾಟರಿಗೂ ತೋರಿದ್ದರು. ವಾರಕ್ಕೊಮ್ಮೆ ಚಾರ್ಜ್ ಸಾಕಾಗುವ ಬ್ಯಾಂಡು ದಿನಾ, ಮಳೆ ಮತ್ತು ಬೆವರಿನಲ್ಲಿ ತೊಯ್ದು, ಡಾಕಿಗೆ ಏರಿತ್ತು. ಅವರು ನಡೆದದ್ದಕ್ಕೆ ಸಾಕ್ಷಿ ಬೇಕಿದ್ದರೆ ಆ ಹಸಿರು ಚುಕ್ಕೆಯೇ ಇತ್ತು. ಕೂತವರ ಬ್ಯಾಂಡು ಹೀಗೆ ಬೆವರುವುದಿಲ್ಲ.

ಸ್ಪಿರಿಟ್ಟು ಎಣ್ಣೆ, ಜಿಡ್ಡು ತೆಗೆಯಿತು, ಹಸಿರನ್ನು ಅಲುಗಿಸಲಿಲ್ಲ. ಅಪ್ಪ ಸ್ಯಾಂಡ್ ಪೇಪರ್ ಹುಡುಕಲು ಎದ್ದರು. ನಾನು ತಡೆದೆ. ಸೀಸದ ದಪ್ಪ ಕೊನೆಯನ್ನು ಉಜ್ಜಿದರೆ ಒಳಗೂ ಸೀಸವೇ; ಇಲ್ಲಿ ಉಜ್ಜಿದರೆ ಉಳಿದ ಬಂಗಾರವೂ ಹೋಗಿ ಪೂರ್ತಿ ತಾಮ್ರ ತೆರೆದುಕೊಳ್ಳುತ್ತದೆ. ಬ್ಲೇಡು, ಪಿನ್ನಿನ ಮಾತೂ ಅಷ್ಟೇ. ಉಪಾಯ ಬಂದದ್ದು ಅಡುಗೆಮನೆಯಿಂದ. "ತಾಮ್ರದ ಕೊಡಕ್ಕ ಹುಣಸಿಹಣ್ಣ ಹಚ್ಚಂಗಿಲ್ಲೇನು?" ಎಂದಳು ಅವ್ವ. ಹುಳಿ ಆ ಹಸಿರು ಉಪ್ಪನ್ನು ಕರಗಿಸುತ್ತದೆ, ಲೋಹವನ್ನು ಗೀರುವುದಿಲ್ಲ. ಹುಣಸೆಯ ಅಂಟು ಬೇಡವೆಂದು ಲಿಂಬೆಹಣ್ಣಿನ ಒಂದೇ ಹನಿಯನ್ನು ಹತ್ತಿ ಕಡ್ಡಿಗೆ ತಾಗಿಸಿ, ಆ ಚುಕ್ಕೆಗಷ್ಟೇ ಮುಟ್ಟಿಸಿ ಮೆಲ್ಲಗೆ ತಿರುವಿದೆ. ಹತ್ತಿ ತಿಳಿ ಹಸಿರಾಯಿತು. ಎರಡು ಸಲ ಮಾಡಿ, ನೀರಿನ ಕಡ್ಡಿಯಿಂದ ಹುಳಿ ತೆಗೆದು, ಕೊನೆಗೆ ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟೆ. ಹುಳಿ ಅಲ್ಲೇ ಉಳಿದರೆ ಅದೂ ತಿನ್ನುತ್ತದೆ. ಅಪ್ಪ ವ್ಯಾಸಲೀನ್ ಸವರಲು ಹೇಳಿದರು. ಬಿಗಿದ ಬೋಲ್ಟಿಗೆ ಅದು ಸರಿ, ದಿನಾ ತೆಗೆದು ಇಡುವ ಸ್ಪ್ರಿಂಗ್ ಪಿನ್ನಿಗೆ ಧೂಳು ಕೂಡಿಸುತ್ತದೆ ಎಂದೆ. ಒಪ್ಪಿದರು.

ಪಟ್ಟಿ ಬಿಚ್ಚಿ, ಸಪಾಟಾಗಿ ಮೇಜಿನ ಮೇಲೆ ಡಾಕಿಗೆ ಇಟ್ಟೆವು. ಪರದೆ ಕಪ್ಪೇ. ಎರಡು ನಿಮಿಷವಾಯಿತು, ಐದಾಯಿತು. ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ. ಪೂರ್ತಿ ಬರಿದಾದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಂಗ್ ಚಿಪ್ ಮೊದಲು ಸಣ್ಣ ಧಾರೆಯಲ್ಲೇ ತುಂಬಿಸುತ್ತದೆ. ಪರದೆ ಬೆಳಗುವಷ್ಟು ಶಕ್ತಿ ಬರಲು ಅರ್ಧ ಗಂಟೆಯೂ ಬೇಕಾಗಬಹುದು. ಎರಡು ಮೂರು ಗಂಟೆಯಾದರೂ ಏನೂ ಬರದಿದ್ದರೆ ಅಂಗಡಿಯವರು ಹೇಳಿದ್ದೇ ನಿಜ, ಬ್ಯಾಟರಿ ಹೋಗಿದೆ. ಅವ್ವ ಚಹಾ ತಂದಳು. ನಾನು ಅಪ್ಪನಿಗೆ ತಪ್ಪಾಯಿತೆಂದು ಹೇಳಬೇಕಿತ್ತು. ಮೊದಲೇ ಅವರು, "ಫೋನಿನ್ಯಾಗ ಹಂಗ ಕಂಡ್ರ ಯಾರಾರ ಹಂಗ ಅನಕೋತಾರ," ಎಂದುಬಿಟ್ಟರು. ಇಪ್ಪತ್ತನೇ ನಿಮಿಷಕ್ಕೆ ಪರದೆಯ ಮೇಲೆ ಸಣ್ಣ ಮಿಂಚು ಮೂಡಿತು.

ಆ ಒಂಬತ್ತು ದಿನಗಳು ಆ್ಯಪ್‌ನಲ್ಲಿ ಈಗಲೂ ಖಾಲಿ ಇವೆ. ಸತ್ತ ಬ್ಯಾಂಡು ಎಣಿಸದೇ ಬಿಟ್ಟ ಹೆಜ್ಜೆ ಮರಳಿ ಬರುವುದಿಲ್ಲ. ಹಸಿರು ಹೋದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕಂದು ಕಲೆ ಉಳಿದಿದೆ. ಅಲ್ಲಿ ಬಂಗಾರವಿಲ್ಲ, ಆ ಜಾಗ ಮತ್ತೆ ಹಸಿರಾಗಲು ಕಾಯುತ್ತಿರುತ್ತದೆ. ಈಗ ಅಪ್ಪ ಭಾನುವಾರ ಮಾತ್ರ, ಜಳಕವಾದ ಮೇಲೆ, ಒಣಬಟ್ಟೆಯಲ್ಲಿ ಒರೆಸಿದ ಬ್ಯಾಂಡನ್ನು ಚಾರ್ಜಿಗೆ ಇಡುತ್ತಾರೆ. ಗುರುತು ಬಂತೋ ಇಲ್ಲವೋ ಎಂದು ಅವ್ವ ನೋಡಿ ಹೇಳುತ್ತಾಳೆ. ಕಣ್ಣಿನ ಡಾಕ್ಟರರ ಹತ್ತಿರ ಹೋಗುವ ದಿನವೂ ಗೊತ್ತಾಗಿದೆ.

ಹೋದ ವಾರ ಒಂದು ದಿನ ಮತ್ತೆ ಕಂಬ ಏಳಲಿಲ್ಲ. ಫೋನ್ ಮಾಡಿ, "ಅಪ್ಪಾ, ಚಾರ್ಜ್ ಐತೇನು?" ಎಂದು ಕೇಳಿದೆ.

"ಚಾರ್ಜ್ ಐತವ್ವಾ," ಎಂದರು. "ಮಳಿ ಭಾಳ ಇತ್ತು. ಇವತ್ತ ಹೋಗಿಲ್ಲ."